72 ಗಂಟೆಯ ರಿಯಾಯಿತಿ

ಕೇಳುಗರಿಗೆ ನಮಸ್ಕಾರ. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಹೋದ ಮದುವೆ ಸೀಸನ್‌ನಲ್ಲಿ ಒಂದು ಬೆಳಿಗ್ಗೆ, ಇನ್ನೂ ಶಟರ್ ಪೂರ್ತಿ ಎತ್ತಿರಲಿಲ್ಲ, ಪರಿಚಯದ ಸ್ಟುಡಿಯೋ ಹುಡುಗ ಸಿಪಿಯು ಹೊತ್ತುಕೊಂಡು ಬಂದ. "ಅಣ್ಣಾ, ಒಂದು ಫೋಟೋನೂ ಓಪನ್ ಆಗ್ತಿಲ್ಲ" ಅಂದ.

ಹಚ್ಚಿ ನೋಡಿದೆ. ಪ್ರತಿ ಫೋಟೋದ ಹೆಸರಿನ ಕೊನೆಗೆ ಅರ್ಥವಿಲ್ಲದ ನಾಲ್ಕಕ್ಷರದ ಬಾಲ ಅಂಟಿಕೊಂಡಿತ್ತು. ಪ್ರತಿ ಫೋಲ್ಡರಿನಲ್ಲೂ `_readme.txt` ಅಂತ ಒಂದು ಚೀಟಿ. ನಿಮ್ಮ ಫೈಲುಗಳಿಗೆ ಬೀಗ ಹಾಕಿದ್ದೇವೆ, ಬೀಗದ ಕೈಗೆ 980 ಡಾಲರ್, 72 ಗಂಟೆಯೊಳಗೆ ಬಂದರೆ ಅರ್ಧ ಬೆಲೆ, 490 ಡಾಲರ್ ಅಂತ ಅದರಲ್ಲಿತ್ತು. ಆಷಾಢದ ಸೀರೆ ಅಂಗಡಿಯವರೂ ಇಷ್ಟು ಸಲೀಸಾಗಿ ರಿಯಾಯಿತಿ ಕೊಡಲಿಕ್ಕಿಲ್ಲ. ಚೀಟಿ ನೋಡಿದ ಕೂಡಲೇ ಗುರುತು ಸಿಕ್ಕಿತು. ಇದು ಸ್ಟಾಪ್ ಡಿಜೆವಿಯು ಅನ್ನುವ ರಾನ್ಸಮ್‌ವೇರ್. 2018ರಿಂದ ಓಡಾಡುತ್ತಿದೆ, ಹೆಚ್ಚಾಗಿ ಕ್ರ್ಯಾಕ್, ಅಂದರೆ ದುಡ್ಡು ಕೊಡದೆ ಬಳಸಲು ಲೈಸೆನ್ಸ್ ಮುರಿದಿಟ್ಟ ಸಾಫ್ಟ್‌ವೇರಿನ ಬೆನ್ನೇರಿಯೇ ಬರುತ್ತದೆ.

"ಏನು ಹಾಕಿದ್ದೆ ಹೇಳು" ಅಂದೆ. ಹುಡುಗ ತಲೆ ಕೆರೆದುಕೊಂಡು ಬಿಡಿಸಿ ಹೇಳಿದ. ಆಲ್ಬಂ ಮಾಡುವ ಸಾಫ್ಟ್‌ವೇರ್ ಬಿಟ್ಟಿಯಾಗಿ ಸಿಗುತ್ತದೆಂದು ಹುಡುಕಿದ್ದಾನೆ. ಸಿಕ್ಕಿದ್ದು ಪಾಸ್‌ವರ್ಡ್ ಹಾಕಿದ ಜಿಪ್ ಫೈಲು, ಪಾಸ್‌ವರ್ಡ್ ಅದೇ ಪುಟದಲ್ಲಿ ಬರೆದಿತ್ತಂತೆ. ಎಲ್ಲರಿಗೂ ಕಾಣುವ ಹಾಗೆ ಬರೆದಿಡುವ ಪಾಸ್‌ವರ್ಡ್ ಯಾರಿಗೆ? ಆಂಟಿವೈರಸ್ಸಿಗೆ. ಬೀಗ ಬಿದ್ದ ಜಿಪ್ಪಿನ ಒಳಗೆ ಅದು ಇಣುಕಲಾರದು. ಜಿಪ್ ಬಿಚ್ಚಿದ ಮೇಲೆ ಹಿಡಿದೀತಲ್ಲ ಅಂದರೆ, ಅದಕ್ಕೂ ಅವರೇ ದಾರಿ ತೋರಿಸಿದ್ದಾರೆ: "ಕ್ರ್ಯಾಕ್ ಆದ್ದರಿಂದ ಆಂಟಿವೈರಸ್ ಸುಮ್ಮನೆ ಕೂಗಾಡುತ್ತದೆ, ಮೊದಲು ಆಫ್ ಮಾಡಿ." ಇವನು ಮಾಡಿದ.

ಡಬಲ್ ಕ್ಲಿಕ್ ಮಾಡಿದ ಸ್ವಲ್ಪ ಹೊತ್ತಿಗೆ ವಿಂಡೋಸ್ ಅಪ್‌ಡೇಟ್ ಆಗುತ್ತಿದೆ ಅಂತ ಒಂದು ಚಿಕ್ಕ ಕಿಟಕಿ ಬಂತಂತೆ. ಡಿಸ್ಕ್ ಗರಗರ ಅನ್ನುತ್ತಿತ್ತು, ಅಪ್‌ಡೇಟ್ ತಾನೇ ಅಂದುಕೊಂಡು ಚಹಾ ಕುಡಿಯಲು ಹೋದ. ಆ ಕಿಟಕಿ ಬರೀ ಪರದೆ. ಹಿಂದೆ ಫೈಲುಗಳಿಗೆ ಒಂದೊಂದಾಗಿ ಬೀಗ ಬೀಳುತ್ತಿತ್ತು. ನಿಜವಾದ ಅಪ್‌ಡೇಟ್ ಆಗಿದ್ದರೆ ಸೆಟ್ಟಿಂಗ್ಸ್ ಒಳಗಿನ ವಿಂಡೋಸ್ ಅಪ್‌ಡೇಟ್ ಪುಟದಲ್ಲೂ ಕಾಣಬೇಕು. ಸಂಶಯ ಬಂದಾಗ ನೋಡಬೇಕಾದದ್ದು ಅಲ್ಲಿ. "ನಿಮ್ಮ ಬ್ರೌಸರ್ ಹಳೆಯದು" ಅಂತ ಯಾವುದೋ ವೆಬ್ ಪುಟ ತೋರಿಸುವ ಗುಂಡಿಯದೂ ಇದೇ ಜಾತಿ. ಬ್ರೌಸರ್ ತನ್ನ ಮೆನುವಿನೊಳಗಿಂದಲೇ ಅಪ್‌ಡೇಟ್ ಆಗುತ್ತದೆ. ಸಿನಿಮಾ ಡೌನ್‌ಲೋಡಿನಲ್ಲಿ ಆಟ ಬೇರೆ: ಹೆಸರು `.mp4.exe` ಅಂತಿರುತ್ತದೆ, ವಿಂಡೋಸ್ ಸಾಮಾನ್ಯವಾಗಿ ಕೊನೆಯ ತುಂಡನ್ನು ಮರೆಮಾಡುವುದರಿಂದ ನಿಮಗೆ ಸಿನಿಮಾದಂತೆ ಕಾಣುತ್ತದೆ. ಎರಡೂವರೆ ಗಂಟೆಯ ಚಿತ್ರ ಮೂರು ಎಂಬಿಯಲ್ಲಿ ಹಿಡಿಯುತ್ತದೆಯೇ ಅಂತ ಒಮ್ಮೆ ಗಾತ್ರ ನೋಡಿದರೂ ಸಾಕು.

ಇನ್ನು ಬೀಗದ ಮಾತು. ಇಂಟರ್‌ನೆಟ್ ಇದ್ದರೆ ಈ ವೈರಸ್ಸು ಕಳ್ಳರ ಸರ್ವರಿನಿಂದ ನಿಮಗಾಗಿಯೇ ಬೇರೆ ಕೀ ತರುತ್ತದೆ. ಸರ್ವರ್ ಸಿಗದಿದ್ದರೆ ತನ್ನೊಳಗೇ ಇರುವ ಒಂದೇ ಕೀಯನ್ನು ಎಲ್ಲರಿಗೂ ಹಾಕುತ್ತದೆ. ಚೀಟಿಯ ಕೆಳಗಿನ ಐಡಿ `t1` ಅಂತ ಮುಗಿದಿದ್ದರೆ ಈ ಎರಡನೆಯದು. ಅಂಥ ಕೀ ಹೊರಬಿದ್ದಿದ್ದರೆ ಎಮ್ಸಿಸಾಫ್ಟ್ ಕಂಪನಿ 2019ರ ಅಕ್ಟೋಬರಿನಲ್ಲಿ ಬಿಟ್ಟ ಉಚಿತ ಸಾಧನ ಫೈಲು ಬಿಡಿಸುತ್ತದೆ. ಹುಡುಗನ ಐಡಿಯ ಕೊನೆ ನೋಡಿದೆ. `t1` ಇರಲಿಲ್ಲ. ಬ್ಯಾಕಪ್ ಡಿಸ್ಕ್? ಅದೂ ಯುಎಸ್‌ಬಿಯಲ್ಲಿ ಚುಚ್ಚಿಯೇ ಇತ್ತು, ಅದಕ್ಕೂ ಬೀಗ.

ಆದರೆ ಈ ವೈರಸ್ಸಿಗೆ ಅವಸರ ಬಹಳ. ದೊಡ್ಡ ಫೈಲಿನಲ್ಲಿ ಮೊದಲ ಸುಮಾರು 150 ಕೆಬಿಯನ್ನಷ್ಟೇ ಕೆಡಿಸಿ ಮುಂದಕ್ಕೆ ಓಡುತ್ತದೆ. ಹಾಗಾಗಿ ಮದುವೆಯ ವಿಡಿಯೋಗಳಲ್ಲಿ ಹಲವನ್ನು, ಅದೇ ಕ್ಯಾಮೆರಾದಲ್ಲಿ ತೆಗೆದ ಒಂದು ಒಳ್ಳೆಯ ವಿಡಿಯೋ ಮಾದರಿಗಿಟ್ಟುಕೊಂಡು ರಿಪೇರಿ ಮಾಡಲು ಆಯಿತು. ಫೋಟೋಗಳು ಸಿಕ್ಕಿದ್ದು ಮೆಮೊರಿ ಕಾರ್ಡಿನಿಂದ. ಫಾರ್ಮ್ಯಾಟ್ ಮಾಡಿದ್ದ, ಆದರೆ ಅದರ ಮೇಲೆ ಹೊಸದಾಗಿ ಏನೂ ತೆಗೆದಿರಲಿಲ್ಲ. ಆರತಕ್ಷತೆಯದು ಪೂರ್ತಿ ಬಂತು. ಧಾರೆಯ ಕಾರ್ಡನ್ನು ಮಾತ್ರ ಅಷ್ಟರಲ್ಲಿ ಹರಿಹರದ ಒಂದು ನಾಮಕರಣಕ್ಕೆ ಬಳಸಿಬಿಟ್ಟಿದ್ದ.

ಅಷ್ಟಕ್ಕೇ ಮುಗಿಯಲಿಲ್ಲ. ಇಂಥ ಕ್ರ್ಯಾಕಿನ ಜೊತೆ ಪಾಸ್‌ವರ್ಡ್ ಕದಿಯುವ ಇನ್ನೊಂದು ಪ್ರೋಗ್ರಾಮೂ ಬರುವುದುಂಟು. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡನ್ನೆಲ್ಲ ಬೇರೆ ಮೊಬೈಲಿನಿಂದ ಇವತ್ತೇ ಬದಲಿಸು ಅಂದಿದ್ದೆ. ಬ್ಯಾಂಕಿನದು ಬದಲಿಸಿದ. ಸ್ಟುಡಿಯೋದ ಇನ್‌ಸ್ಟಾಗ್ರಾಮ್ ಖಾತೆ ನಾಳೆ ನೋಡೋಣ ಅಂದುಕೊಂಡ. ಮೂರನೇ ದಿನ ಅದರಲ್ಲಿ ಯಾರೋ ಕ್ರಿಪ್ಟೋ ಜಾಹೀರಾತು ಹಾಕುತ್ತಿದ್ದರು. ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಬರೆಸಿದೆವು.

ದುಡ್ಡು ಕಟ್ಟಲಿಲ್ಲ. ಹೊಸ ಹಾರ್ಡ್ ಡಿಸ್ಕ್ ಹಾಕಿ ವಿಂಡೋಸ್ ಹೊಸದಾಗಿ ಕೂರಿಸಿದೆ. ಹಳೆಯದನ್ನು ಎಸೆಯಲು ಬಿಡಲಿಲ್ಲ, ಕಳ್ಳರು ಸಿಕ್ಕಿಬಿದ್ದಾಗ ಕೀಗಳು ಹೊರಬರುವುದುಂಟು. "ಧಾರೆ" ಅಂತ ಬರೆದ ಚೀಟಿ ಅಂಟಿಸಿಕೊಂಡು ಆ ಡಿಸ್ಕ್ ನನ್ನ ಮೇಜಿನ ಖಾನೆಯಲ್ಲಿದೆ.