ಬಣ್ಣ ಒಂದೇ ಕಡೆ ಇರಲಿ

ಕೇಳುಗರಿಗೆ ನಮಸ್ಕಾರ. ನಾನು 30 ವರ್ಷದಿಂದ ಬಟ್ಟೆ ಹೊಲಿಯುತ್ತಿದ್ದೇನೆ. ಕ್ರಿಕೆಟ್ ಹುಚ್ಚು ಅದಕ್ಕಿಂತ ಹಳೆಯದು. ಚಿನ್ನಸ್ವಾಮಿ ಮೈದಾನದಲ್ಲಿ ಮಧ್ಯಾಹ್ನ 3.30ಕ್ಕೆ ಶುರುವಾಗುವ ಐಪಿಎಲ್ ಪಂದ್ಯಕ್ಕೆ ಏನು ಹಾಕಿಕೊಂಡು ಹೋಗೋದು ಅಂತ ಅಂಗಡಿಗೆ ಬರುವ ಹುಡುಗರು ಕೇಳುತ್ತಿರುತ್ತಾರೆ. ನನ್ನ ಉತ್ತರ ಯಾವಾಗಲೂ ಒಂದೇ. ತಂಡದ ಬಣ್ಣ ಮೈಮೇಲೆ ಒಂದೇ ಕಡೆ ಇರಲಿ, ಉಳಿದ ಬಟ್ಟೆಯೆಲ್ಲ ಬಿಸಿಲಿಗೆ.

ಯಾಕೆ ಅಂತ ಹೇಳೋಕೆ ನನ್ನ ಅಣ್ಣನ ಮಗನ ಕಥೆ ಹೇಳಲೇಬೇಕು. ಅವನಿಗೆ ಆಗ ಹದಿನಾರು. ಏಪ್ರಿಲ್ ತಿಂಗಳು, ಮೊದಲ ಸಲ ಮೈದಾನಕ್ಕೆ ಹೊರಟಿದ್ದ. ಫುಟ್‌ಪಾತಿನಲ್ಲಿ ಕೊಂಡ ಕೆಂಪು ಜೆರ್ಸಿ, ಅದರೊಳಗೆ ಬನಿಯನ್, ತಲೆಗೆ ಕೆಂಪು ಟೋಪಿ, ಹೆಗಲಿಗೆ ಬಾವುಟ, ಕೆನ್ನೆ ಹಣೆಗೆಲ್ಲ ಬಣ್ಣ. ಎರಡು ಗಂಟೆಗೆ ಗೇಟಿನ ಮುಂದೆ ಸಾಲಲ್ಲಿ ನಿಂತೆವು. ಛತ್ರಿ, ನೀರಿನ ಬಾಟಲಿ ಒಳಗೆ ಬಿಡಲ್ಲ ಅಂತ ಮನೆಯಲ್ಲೇ ಬಿಟ್ಟು ಬಂದಿದ್ದೆವು. ಮುಂದೆ ಹಿಂದೆ ಜನ, ಗಾಳಿಗೆ ಜಾಗವೇ ಇಲ್ಲ. ಸೀಟಿಗೆ ಹೋಗಿ ಕೂತರೆ ಬಿಸಿಲು ನೇರ ಮುಖಕ್ಕೆ. ಪಿಚ್ಚನ್ನು ಸಾಮಾನ್ಯವಾಗಿ ಉತ್ತರ ದಕ್ಷಿಣವಾಗಿ ಮಾಡುತ್ತಾರೆ, ಸಂಜೆಯ ಸೂರ್ಯ ಬ್ಯಾಟ್ಸ್‌ಮನ್ ಕಣ್ಣಿಗೆ ಹೊಡೀಬಾರದು ಅಂತ. ಆ ಬಿಸಿಲು ಪೂರ್ವದ ಕಡೆ ಕೂತ ನಮಗೆ ಸಿಗುತ್ತದೆ!

ಐದನೇ ಓವರಿಗೆ ಹುಡುಗ "ಅತ್ತೆ, ಕಣ್ಣು ಉರೀತಿದೆ" ಅಂದ. ಬೆವರಿನ ಜೊತೆ ಹಣೆಯ ಬಣ್ಣ ಕಣ್ಣಿಗೆ ಇಳಿದಿತ್ತು. ಹತ್ತನೇ ಓವರಿಗೆ ತಲೆನೋವು, ಹೊಟ್ಟೆ ತೊಳಸು. ನಾನು ಅವನನ್ನು ಮೆಟ್ಟಿಲ ಕೆಳಗಿನ ನೆರಳಿಗೆ ಕರೆದುಕೊಂಡು ಹೋಗಿ ಜೆರ್ಸಿ ಬಿಚ್ಚಿಸಿದೆ. ಬೆನ್ನ ಮೇಲೆ 18 ಅಂತ ಪ್ಲಾಸ್ಟಿಕ್ ಅಂಕಿ ಅಂಟಿಸಿದ್ದರಲ್ಲ, ಸರಿಯಾಗಿ ಅದರ ಕೆಳಗಿನ ಚರ್ಮದಲ್ಲಿ ಬೆವರುಸಾಲೆ ಕೆಂಪಗೆ ಎದ್ದಿತ್ತು. ಕುಡಿಯಲು ನೀರು ಕೊಟ್ಟು, ನನ್ನ ಹತ್ತಿ ಟವಲನ್ನು ಒದ್ದೆ ಮಾಡಿ ಕತ್ತಿಗೆ ಸುತ್ತಿದೆ. ಅರ್ಧ ಗಂಟೆಯಲ್ಲಿ ಸುಧಾರಿಸಿಕೊಂಡ. ಹಾಗೆ ಸುಧಾರಿಸದೆ ಮಾತು ತಡವರಿಸಿದರೆ, ಏನೇನೋ ಮಾತಾಡಿದರೆ ಮ್ಯಾಚ್ ಬಿಟ್ಟು ತಕ್ಷಣ ವೈದ್ಯರ ಹತ್ತಿರ ಓಡಬೇಕು.

ಆಟಗಾರರೂ ಪಾಲಿಸ್ಟರೇ ಹಾಕ್ತಾರಲ್ಲ ಅಂತ ನೀವು ಕೇಳಬಹುದು. ಹೌದು. ಆದರೆ ಅವರದು ತೆಳು ಹೆಣಿಗೆ, ಸಣ್ಣ ಸಣ್ಣ ತೂತು ಇರುವ ಬಟ್ಟೆ. ಅವರು ಓಡುತ್ತಾರೆ, ಗಾಳಿ ಆಡುತ್ತದೆ, ಬೆವರು ಆರುತ್ತದೆ. ನೀವು ನಾಲ್ಕು ಗಂಟೆ ಒಬ್ಬರಿಗೊಬ್ಬರು ಅಂಟಿಕೊಂಡು ಕೂತಿರುತ್ತೀರಿ. ನೂರು ಗ್ರಾಂ ಹತ್ತಿ ಬಟ್ಟೆ ಸುಮಾರು ಎಂಟು ಗ್ರಾಂ ತೇವ ಹೀರಿಕೊಂಡೂ ಕೈಗೆ ಒಣಗಿದ ಹಾಗೇ ಇರುತ್ತದೆ. ಪಾಲಿಸ್ಟರ್ ಅರ್ಧ ಗ್ರಾಂ ಕೂಡ ಹೀರುವುದಿಲ್ಲ. ದಪ್ಪ ನಕಲಿ ಜೆರ್ಸಿಯಲ್ಲಿ ಬೆವರು ಚರ್ಮದ ಮೇಲೇ ನಿಲ್ಲುತ್ತದೆ.

ಹಾಗಾದರೆ ಏನು ಹಾಕೋದು? ತಿಳಿ ಬಣ್ಣದ, ಸಡಿಲವಾದ, ಉದ್ದ ತೋಳಿನ ಹತ್ತಿ ಶರ್ಟು. ಉದ್ದ ತೋಳು ಅಂದ ತಕ್ಷಣ ಎಲ್ಲರೂ ಮುಖ ಸಿಂಡರಿಸುತ್ತಾರೆ, ಸೆಕೆ ಅಂತ. ದಯವಿಟ್ಟು ಒಂದು ಸಲ ಹಾಕಿ ನೋಡಿ, ಬಿಸಿಲು ನೇರವಾಗಿ ಬಡಿಯುವ ಬರಿ ತೋಳೇ ಜಾಸ್ತಿ ಸುಡುತ್ತದೆ. ಬಟ್ಟೆ ಕೊಳ್ಳುವಾಗ ಬೆಳಕಿಗೆ ಹಿಡಿದು ನೋಡಿ. ಆಚೆಕಡೆಯ ಕೈಬೆರಳು ಸ್ಪಷ್ಟವಾಗಿ ಕಂಡರೆ ಅದು ತೀರಾ ತೆಳು, ಬಿಸಿಲೂ ಒಳಗೆ ಇಳಿಯುತ್ತದೆ. ಒತ್ತಾಗಿ ನೇಯ್ದ ಪಾಪ್ಲಿನ್ ಒಳ್ಳೆಯದು. ಕಂಕುಳಲ್ಲಿ ಎರಡು ಬೆರಳು ಆಡುವಷ್ಟು ಸಡಿಲ ಇರಲಿ. ಜೇಬಿಗೆ ಗುಂಡಿ ಇರಲಿ, ಜನರ ನೂಕಾಟದಲ್ಲಿ ಫೋನು ಜಾರಬಾರದು.

ತಂಡದ ಬಣ್ಣ ಒಂದೇ ಕಡೆ ಅಂದೆನಲ್ಲ, ಅದು ಟವಲಿನಲ್ಲಿರಲಿ. ಕೆಂಪು ಹತ್ತಿ ಟವಲ್. ಟೋಪಿ ಹಣೆಯನ್ನಷ್ಟೇ ಕಾಯುತ್ತದೆ, ಕಿವಿ ಮತ್ತು ಕತ್ತಿನ ಹಿಂಭಾಗ ಸುಡುತ್ತದೆ. ಅಗಲ ಹ್ಯಾಟು ಹಾಕಿದರೆ ಹಿಂದೆ ಕೂತವರಿಗೆ ಆಟ ಕಾಣುವುದಿಲ್ಲ. ಟವಲನ್ನು ತಲೆಗೆ ಹೊದ್ದುಕೊಳ್ಳಬಹುದು, ಒದ್ದೆ ಮಾಡಿ ಕತ್ತಿಗೆ ಹಾಕಬಹುದು, ಸಿಕ್ಸರ್ ಬಿದ್ದಾಗ ತಲೆಯ ಮೇಲೆ ಬೀಸಬಹುದು. ಬಾವುಟ ಇಷ್ಟೆಲ್ಲ ಮಾಡುತ್ತಾ?

ಸಮಯ ಆಗುತ್ತಾ ಬಂತು, ಚಪ್ಪಲಿ ಬಗ್ಗೆ ಒಂದೇ ಮಾತು. ಹವಾಯಿ ಚಪ್ಪಲಿ ಬೇಡ. ಹೊರಗೆ ಬರುವ ಗದ್ದಲದಲ್ಲಿ ಹಿಂದಿನವರು ತುಳಿದರೆ ಮುಗಿಯಿತು, ಬಗ್ಗಿ ಎತ್ತಿಕೊಳ್ಳಲೂ ಹೋಗಬಾರದು. ಕಾಲಿಗೆ ಬಿಗಿಯಾಗಿ ಕೂರುವ ಹಳೆಯ ಶೂ ಹಾಕಿ.

ಹೊಸ ಕೆಂಪು ಟವಲ್ ಬಣ್ಣ ಬಿಡುತ್ತದೆ. ಮೂಲೆಯನ್ನು ಒದ್ದೆ ಮಾಡಿ ಬಿಳಿ ಬಟ್ಟೆಗೆ ಉಜ್ಜಿ ನೋಡಿ. ಕೆಂಪು ಹತ್ತಿದರೆ ನೀರು ತಿಳಿಯಾಗುವವರೆಗೆ ಬೇರೆಯಾಗಿ ಒಗೆಯಿರಿ. ನಾಳೆ ಮ್ಯಾಚಿಗೆ ಹೋಗುವವರು ಇವತ್ತು ಸಂಜೆಯೇ ಒಗೆದು ಹರವಿ, ಹೊರಡುವ ಹೊತ್ತಿಗೆ ಒಣಗಿರುತ್ತದೆ. ನಮಸ್ಕಾರ.