ಐದನೇ ಘಾತದಲ್ಲಿ ಸೂತ್ರ ಯಾಕೆ ನಿಂತುಹೋಗುತ್ತದೆ

ಕೇಳುಗರಿಗೆ ನಮಸ್ಕಾರ. ಹತ್ತಿರದಲ್ಲಿ ಕಾಗದ, ಪೆನ್ಸಿಲ್ ಇದ್ದರೆ ತೆಗೆದಿಟ್ಟುಕೊಳ್ಳಿ. ನಡುವೆ ಒಂದು ಕಡೆ ಬೇಕಾಗುತ್ತದೆ.

ವರ್ಗ ಸಮೀಕರಣದ ಸೂತ್ರ ಶಾಲೆಯಲ್ಲಿ ಕಲಿತದ್ದು ನೆನಪಿದೆ ಅಲ್ವಾ? ಸಹಗುಣಕಗಳನ್ನು ಹಾಕಿ, ಕೂಡಿ ಕಳೆದು, ಒಂದು ವರ್ಗಮೂಲ ತೆಗೆದರೆ ಉತ್ತರ ಸಿಕ್ಕಿತು. ಮೂರನೇ ಘಾತಕ್ಕೂ ನಾಲ್ಕನೇ ಘಾತಕ್ಕೂ ಇಂಥ ಸೂತ್ರಗಳು ಹದಿನಾರನೇ ಶತಮಾನದಲ್ಲೇ ಇಟಲಿಯಲ್ಲಿ ಸಿಕ್ಕಿದವು. ಉದ್ದ ಜಾಸ್ತಿ, ಆದರೆ ಕೆಲಸ ಮಾಡುತ್ತವೆ. ಐದನೇ ಘಾತಕ್ಕೆ ಮಾತ್ರ ಸಿಗಲಿಲ್ಲ. ಸಿಗುವುದೇ ಇಲ್ಲ ಎಂದು 1799ರಲ್ಲಿ ರುಫಿನಿ ಹೇಳಿದರು, ಅವರ ಸಾಧನೆಯಲ್ಲಿ ಒಂದು ಕೊರತೆ ಉಳಿದಿತ್ತು. 1824ರಲ್ಲಿ ಆಬೆಲ್ ಅದನ್ನು ಪೂರ್ತಿ ಸಾಧಿಸಿದರು. ಯಾವ ಸಮೀಕರಣ ಬಗ್ಗುತ್ತದೆ, ಯಾವುದು ಬಗ್ಗುವುದಿಲ್ಲ ಎಂದು ಒಂದೊಂದನ್ನೂ ಪರೀಕ್ಷಿಸುವ ದಾರಿ ಕೊಟ್ಟವರು ಗಾಲ್ವಾ. 1832ರಲ್ಲಿ ತೀರಿಕೊಂಡಾಗ ಅವರಿಗೆ ಬರೀ 20 ವರ್ಷ. ಇವತ್ತು ಅವರ ದಾರಿಯಲ್ಲೇ ಹೋಗೋಣ.

ಮೊದಲು ಒಂದು ಮಾತು. ಉತ್ತರವೇ ಇಲ್ಲ ಎಂದು ಇಲ್ಲಿ ಯಾರೂ ಹೇಳುತ್ತಿಲ್ಲ. x⁵ − 4x + 2 = 0 ತಗೊಳ್ಳಿ. ಇದಕ್ಕೆ ಐದು ಉತ್ತರಗಳಿವೆ. ಮೂರು ವಾಸ್ತವ ಸಂಖ್ಯೆಗಳು: ಸುಮಾರು −1.52, 0.51 ಮತ್ತು 1.24. ಉಳಿದೆರಡು ಮಿಶ್ರ ಸಂಖ್ಯೆಗಳ ಜೋಡಿ. ಕಂಪ್ಯೂಟರ್ ಬೇಕಾದಷ್ಟು ದಶಮಾಂಶ ಸ್ಥಾನಗಳವರೆಗೆ ಲೆಕ್ಕ ಹಾಕಿಕೊಡುತ್ತದೆ. ಆದರೆ ಕೂಡು, ಕಳೆ, ಗುಣಿಸು, ಭಾಗಿಸು, ಮೂಲ ತೆಗೆ ಎಂಬ ಐದೇ ಕೆಲಸಗಳಿಂದ ಈ ಉತ್ತರಗಳನ್ನು ಬರೆದು ತೋರಿಸಲು ಆಗುವುದಿಲ್ಲ. ಯಾಕೆ ಎಂಬುದೇ ನಮ್ಮ ಪ್ರಶ್ನೆ.

ಮೂಲ ತೆಗೆಯುತ್ತಾ ಹೋಗುವುದನ್ನು ಮಹಡಿ ಮೇಲೆ ಮಹಡಿ ಕಟ್ಟಿದಂತೆ ಯೋಚಿಸಿ. ನೆಲಮಹಡಿಯಲ್ಲಿ ಭಿನ್ನರಾಶಿಗಳೆಲ್ಲ ಇವೆ. ಅಲ್ಲಿನ ಯಾವುದೋ ಒಂದು ಸಂಖ್ಯೆಯ ಮೂಲ ತೆಗೆದು ಸೇರಿಸಿದರೆ ಮೊದಲ ಮಹಡಿ. ಆ ಮೂಲದ ಜೊತೆ ಕೂಡಿ, ಕಳೆದು, ಗುಣಿಸಿ, ಭಾಗಿಸಿ ಬರುವುದೆಲ್ಲ ಆ ಮಹಡಿಯಲ್ಲೇ ಇರುತ್ತದೆ. ಅಲ್ಲಿಂದ ಇನ್ನೊಂದು ಮೂಲ, ಎರಡನೇ ಮಹಡಿ. ಒಂದೊಂದು ಮಹಡಿಯೂ ಒಂದು ಫೀಲ್ಡ್. ಸೂತ್ರ ಇದೆ ಎಂದರೆ ಇಂಥ ಗೋಪುರದ ಯಾವುದೋ ಮಹಡಿಯಲ್ಲಿ ಐದೂ ಉತ್ತರಗಳು ಕೈಗೆ ಸಿಗಬೇಕು.

ಈಗ ಗಾಲ್ವಾ ಕೇಳಿದ ಪ್ರಶ್ನೆ. ಒಂದು ಮಹಡಿಯಲ್ಲಿ ನಿಂತು ನೋಡಿದಾಗ ಯಾವ ಯಾವ ಉತ್ತರಗಳನ್ನು ಅದಲುಬದಲು ಮಾಡಿದರೆ ಗೊತ್ತೇ ಆಗುವುದಿಲ್ಲ? ಸುಲಭದ ಉದಾಹರಣೆ: √2, −√2, √3, −√3 ಎಂಬ ನಾಲ್ಕು ಉತ್ತರಗಳಿರುವ ಸಮೀಕರಣ. √2 ಮತ್ತು −√2 ಜಾಗ ಬದಲಿಸಿಕೊಳ್ಳಬಹುದು. ಆದರೆ √2 ಇದ್ದಲ್ಲಿಗೆ √3 ಬರುವಂತಿಲ್ಲ, ಯಾಕೆಂದರೆ ಒಂದರ ವರ್ಗ 2, ಇನ್ನೊಂದರದು 3. ನಾಲ್ಕು ವಸ್ತುಗಳನ್ನು 24 ರೀತಿ ಅದಲುಬದಲು ಮಾಡಬಹುದು, ಇಲ್ಲಿ ಒಪ್ಪುವುದು 4 ಮಾತ್ರ. ಹೀಗೆ ಒಪ್ಪುವ ಅದಲುಬದಲುಗಳ ಕೂಟವೇ ಆ ಸಮೀಕರಣದ ಗ್ರೂಪ್. ಮಹಡಿ ಏರಿದಂತೆ ನಮಗೆ ಹೆಚ್ಚು ಸಂಖ್ಯೆಗಳು ಗೊತ್ತಾಗುತ್ತವೆ, ಹಾಗಾಗಿ ಗ್ರೂಪ್ ಚಿಕ್ಕದಾಗಬಹುದು. ಉತ್ತರಗಳೆಲ್ಲ ಸಿಕ್ಕ ಮಹಡಿಯಲ್ಲಿ ಏನನ್ನೂ ಕದಲಿಸುವಂತಿಲ್ಲ.

ಒಂದು ಮಹಡಿ ಏರಿದರೆ ಗ್ರೂಪ್ ಎಷ್ಟು ಚಿಕ್ಕದಾಗಬಹುದು? ಇಡೀ ವಿಷಯದ ಕೀಲಿ ಇಲ್ಲಿದೆ. ಹೊಸದಾಗಿ ಸೇರಿಸಿದ ಮೂಲವನ್ನು α ಎನ್ನೋಣ. ಒಂದರ ಮೂಲಗಳನ್ನು, ಅಂದರೆ ಯಾವುದಾದರೂ ಘಾತಕ್ಕೆ ಏರಿಸಿದರೆ 1 ಆಗುವ ಸಂಖ್ಯೆಗಳನ್ನು, ಮೊದಲೇ ಸೇರಿಸಿಟ್ಟುಕೊಂಡಿರೋಣ. ಅದರಿಂದ ತೊಂದರೆ ಏನೂ ಆಗುವುದಿಲ್ಲ. ಆಗ ಕೆಳಗಿನ ಮಹಡಿ ಒಪ್ಪುವ ಯಾವ ಅದಲುಬದಲೂ α ವನ್ನು ಅಂಥ ಒಂದು ಸಂಖ್ಯೆಯಿಂದ ಗುಣಿಸಬಲ್ಲದು, ಅಷ್ಟೇ. ಗುಣಾಕಾರದಲ್ಲಿ ಯಾವುದು ಮೊದಲಾದರೂ ಒಂದೇ. ಹಾಗಾಗಿ ‘ಅ’ ಮತ್ತು ‘ಬ’ ಎಂಬ ಎರಡು ಅದಲುಬದಲು ತಗೊಂಡು, ಮೊದಲು ಅ ಮಾಡಿ, ಆಮೇಲೆ ಬ ಮಾಡಿ, ನಂತರ ಅ ಬಿಡಿಸಿ, ಕೊನೆಗೆ ಬ ಬಿಡಿಸಿದರೆ α ಮತ್ತೆ ತನ್ನ ಜಾಗಕ್ಕೇ ಬರುತ್ತದೆ. ಅಂದರೆ ಈ ನಾಲ್ಕು ಹೆಜ್ಜೆ ಸೇರಿ ಆಗುವ ಅದಲುಬದಲು ಮೇಲಿನ ಮಹಡಿಯಲ್ಲೂ ಒಪ್ಪುತ್ತದೆ. ಇದಕ್ಕೆ ಕಮ್ಯುಟೇಟರ್ ಎನ್ನುತ್ತಾರೆ. ಏನೇ ಮೂಲ ತೆಗೆಯಿರಿ, ಕಮ್ಯುಟೇಟರ್‌ಗಳನ್ನು ಅಳಿಸಲು ಆಗುವುದಿಲ್ಲ. ಕಮ್ಯುಟೇಟರ್ ತೆಗೆದು, ಅವುಗಳಿಂದ ಆದ ಗ್ರೂಪಿನಲ್ಲಿ ಮತ್ತೆ ಕಮ್ಯುಟೇಟರ್ ತೆಗೆದು, ಹೀಗೇ ಹೋದಾಗ ಕೊನೆಗೆ ಏನೂ ಉಳಿಯದ ಗ್ರೂಪಿಗೆ ಸಾಲ್ವಬಲ್ ಗ್ರೂಪ್ ಎಂದು ಹೆಸರು.

ಈಗ ಕಾಗದ ತೆಗೆಯಿರಿ. 1ರಿಂದ 5ರವರೆಗೆ ಬರೆಯಿರಿ. ‘ಅ’ ಎಂದರೆ 1 ಹೋಗಿ 2ರ ಜಾಗಕ್ಕೆ, 2 ಹೋಗಿ 3ಕ್ಕೆ, 3 ಹೋಗಿ 1ಕ್ಕೆ. ‘ಬ’ ಎಂದರೆ 3 ಹೋಗಿ 4ಕ್ಕೆ, 4 ಹೋಗಿ 5ಕ್ಕೆ, 5 ಹೋಗಿ 3ಕ್ಕೆ. ಎರಡೂ ಮೂರು ಮೂರರ ಸುತ್ತುಗಳು. ಎರಡರಲ್ಲೂ ಇರುವುದು 3 ಒಂದೇ. 2ನ್ನು ಹಿಂಬಾಲಿಸಿ: ಅ ಅದನ್ನು 3ಕ್ಕೆ ಒಯ್ಯುತ್ತದೆ, ಬ ಅಲ್ಲಿಂದ 4ಕ್ಕೆ, ಅ ಬಿಡಿಸಿದರೆ 4ಕ್ಕೆ ಏನೂ ಆಗುವುದಿಲ್ಲ, ಬ ಬಿಡಿಸಿದರೆ 3ಕ್ಕೆ ವಾಪಸ್. ಹೀಗೆ 2 ಹೋಗಿ 3ಕ್ಕೆ ಬಂತು. ಅದೇ ರೀತಿ 3 ಹೋಗಿ 5ಕ್ಕೆ, 5 ಹೋಗಿ 2ಕ್ಕೆ ಬರುತ್ತವೆ. 1 ಮತ್ತು 4 ಇದ್ದಲ್ಲೇ ಇವೆ. ಸಿಕ್ಕಿದ್ದು ಏನು? ಮತ್ತೆ ಒಂದು ಮೂರರ ಸುತ್ತು! ಅಂಕಿಗಳ ಹೆಸರು ಬದಲಿಸಿದರೆ ಯಾವ ಮೂರರ ಸುತ್ತನ್ನಾದರೂ ಹೀಗೆ ಪಡೆಯಬಹುದು. ಒಂದು ಮಹಡಿಯಲ್ಲಿ ಎಲ್ಲ ಮೂರರ ಸುತ್ತುಗಳೂ ಒಪ್ಪಿದರೆ ಮೇಲಿನ ಮಹಡಿಯಲ್ಲೂ ಎಲ್ಲ ಒಪ್ಪುತ್ತವೆ, ಅದರ ಮೇಲೂ ಅಷ್ಟೇ. ನೂರು ಮಹಡಿ ಕಟ್ಟಿದರೂ ಒಂದೂ ಕಮ್ಮಿಯಾಗುವುದಿಲ್ಲ.

ನಾಲ್ಕು ಅಂಕಿಗಳಲ್ಲಿ ಯಾಕೆ ಹೀಗಾಗುವುದಿಲ್ಲ? ಜಾಗ ಸಾಲದು. ಎರಡು ಮೂರರ ಸುತ್ತುಗಳಿಗೆ ಕನಿಷ್ಠ ಎರಡು ಅಂಕಿ ಸಮಾನವಾಗಿಯೇ ಇರುತ್ತವೆ. 1-2-3ರ ಸುತ್ತು, 2-3-4ರ ಸುತ್ತು ತಗೊಂಡು ಅದೇ ನಾಲ್ಕು ಹೆಜ್ಜೆ ಹಾಕಿ ನೋಡಿ. 1 ಮತ್ತು 4 ಜಾಗ ಬದಲಿಸುತ್ತವೆ, 2 ಮತ್ತು 3 ಜಾಗ ಬದಲಿಸುತ್ತವೆ. ಮೂರರ ಸುತ್ತು ಮಾಯ. ಇಂಥ ಜೋಡಿ ಬದಲಾವಣೆಗಳಲ್ಲಿ ಯಾವುದನ್ನು ಮೊದಲು ಮಾಡಿದರೂ ಫಲ ಒಂದೇ, ಹಾಗಾಗಿ ಮುಂದಿನ ಸಲಕ್ಕೆ ಏನೂ ಉಳಿಯುವುದಿಲ್ಲ. ನಾಲ್ಕನೇ ಘಾತದ ಸೂತ್ರ ಇದರಿಂದಲೇ ಬದುಕಿದೆ.

ಇನ್ನು ನಮ್ಮ x⁵ − 4x + 2. ಇದರ ಗ್ರೂಪಿನಲ್ಲಿ ಎಲ್ಲ ಮೂರರ ಸುತ್ತುಗಳೂ ಇವೆಯೇ? 4 ಮತ್ತು 2 ಎರಡನ್ನೂ 2 ಭಾಗಿಸುತ್ತದೆ, ಕೊನೆಯ 2ನ್ನು 4 ಭಾಗಿಸುವುದಿಲ್ಲ. ಐಸೆನ್‌ಸ್ಟೈನ್ ನಿಯಮದ ಪ್ರಕಾರ ಈ ಬಹುಪದಿಯನ್ನು ಚಿಕ್ಕ ಬಹುಪದಿಗಳಾಗಿ ಒಡೆಯಲು ಬರುವುದಿಲ್ಲ. ಆಗ ಗ್ರೂಪಿನಲ್ಲಿ ಐದೂ ಉತ್ತರಗಳನ್ನು ತಿರುಗಿಸುವ ಐದರ ಸುತ್ತೊಂದು ಇರಲೇಬೇಕು. ಜೊತೆಗೆ i ಇದ್ದಲ್ಲಿ −i ಹಾಕಿದರೆ ಮೂರು ವಾಸ್ತವ ಉತ್ತರಗಳು ಅಲುಗುವುದಿಲ್ಲ, ಮಿಶ್ರ ಜೋಡಿ ಮಾತ್ರ ಜಾಗ ಬದಲಿಸುತ್ತದೆ. ಒಂದು ಐದರ ಸುತ್ತು, ಒಂದು ಎರಡರ ಅದಲುಬದಲು ಸೇರಿದರೆ 120 ಅದಲುಬದಲುಗಳೂ ಹುಟ್ಟುತ್ತವೆ. ಮೂರರ ಸುತ್ತುಗಳೆಲ್ಲ ಅದರಲ್ಲೇ ಬಂದವು. ಈ ಒಂದು ಸಮೀಕರಣ ಸೋತರೆ ಎಲ್ಲಕ್ಕೂ ನಡೆಯುವ ಸೂತ್ರವೂ ಸೋತಂತೆ.

ಐದನೇ ಘಾತ ಎಂದ ಕೂಡಲೇ ಕೈಬಿಡಬೇಕಿಲ್ಲ. x⁵ − 2 = 0 ಇದೆಯಲ್ಲ, ಅದರ ಗ್ರೂಪಿನಲ್ಲಿ 20 ಅದಲುಬದಲುಗಳು ಮಾತ್ರ. 20ನ್ನು 3 ಭಾಗಿಸುವುದಿಲ್ಲ, ಹಾಗಾಗಿ ಅಲ್ಲಿ ಒಂದೂ ಮೂರರ ಸುತ್ತಿಲ್ಲ. ಗಾಲ್ವಾ ಇನ್ನೂ ಚೆಂದದ ಗುರುತೊಂದನ್ನು ಕೊಟ್ಟಿದ್ದಾರೆ. ಒಡೆಯಲು ಬಾರದ ಐದನೇ ಘಾತದ ಸಮೀಕರಣ ಮೂಲಗಳಿಂದ ಬಿಡಿಸಲು ಬರುವಂಥದ್ದಾದರೆ, ಯಾವ ಎರಡು ಉತ್ತರ ಗೊತ್ತಿದ್ದರೂ ಸಾಕು, ಉಳಿದ ಮೂರನ್ನು ಅವುಗಳಿಂದ ಕೂಡಿ, ಕಳೆದು, ಗುಣಿಸಿ, ಭಾಗಿಸಿಯೇ ಪಡೆಯಬಹುದು. ಎರಡು ಉತ್ತರ ವಾಸ್ತವವಾದರೆ ಐದೂ ವಾಸ್ತವವಾಗಲೇಬೇಕು ಎಂದಾಯಿತು. ಹಾಗಾಗಿ ಒಡೆಯಲು ಬಾರದ ಐದನೇ ಘಾತದ ಸಮೀಕರಣ ಸಿಕ್ಕರೆ ಅದರ ಗ್ರಾಫ್ ಬರೆದು ನೋಡಿ. ಅಡ್ಡ ಅಕ್ಷವನ್ನು ಸರಿಯಾಗಿ ಮೂರು ಕಡೆ ದಾಟಿದರೆ ಸೂತ್ರ ಹುಡುಕುವ ಕೆಲಸ ಅಲ್ಲಿಗೇ ಬಿಡಬಹುದು.

ನಮಸ್ಕಾರ.