ಜಾಹೀರಾತಿನ ಪ್ರಶಸ್ತಿ ಕೊಟ್ಟವರು ಯಾರು?

ಎಲ್ಲರಿಗೂ ನಮಸ್ಕಾರ.

ಮನೆಗೆ ಒಂದು ನೀರಿನ ಫಿಲ್ಟರ್ ತರೋಣ ಅಂತ ಹುಡುಕುತ್ತಿದ್ದೆ. ಒಂದು ಜಾಹೀರಾತು ಕಣ್ಣಿಗೆ ಬಿತ್ತು. ‘ಪ್ರಶಸ್ತಿ ಗೆದ್ದ ನಂ. 1 ಫಿಲ್ಟರ್’ ಅಂತ ದಪ್ಪ ಅಕ್ಷರ, ಪಕ್ಕದಲ್ಲಿ ಬಂಗಾರದ ಬಣ್ಣದ ಪದಕ. ಆ 1ರ ತಲೆಯ ಮೇಲೆ ಒಂದು ಪುಟ್ಟ ನಕ್ಷತ್ರ ಇತ್ತು. ಅದರ ಬೆನ್ನು ಹತ್ತಿ ಹೋದಾಗ ಏನೇನು ಸಿಕ್ಕಿತು ಅನ್ನೋದನ್ನೇ ಇವತ್ತು ಹೇಳುತ್ತೇನೆ.

ಫೋನಿನಲ್ಲಿ ಚಿತ್ರ ದೊಡ್ಡದು ಮಾಡಿದಾಗ ಕೆಳಗಿನ ಸಾಲು ಓದಲು ಬಂತು. ಪ್ರಶಸ್ತಿ ಕೊಟ್ಟ ಸಂಸ್ಥೆಯ ಹೆಸರಿತ್ತು, ವರ್ಷ ಇತ್ತು. ಯಾವ ವಿಭಾಗದಲ್ಲಿ ಅನ್ನೋದು ಇರಲಿಲ್ಲ. ಕಂಪನಿಯ ವೆಬ್‌ಸೈಟಿನಲ್ಲಿ ಪದಕದ ಮೇಲೆ ಒತ್ತಿದೆ. ಅದು ಕಂಪನಿಯೇ ಬರೆದುಕೊಂಡ ಸುದ್ದಿಗೆ ಕರೆದೊಯ್ದಿತು. ಅದೇ ಸುದ್ದಿ ಇನ್ನೂ ಐದಾರು ಕಡೆ, ಒಂದಕ್ಷರವೂ ಬದಲಾಗದೆ ಬಂದಿತ್ತು. ಇವನ್ನೆಲ್ಲ ಬೇರೆ ಬೇರೆ ಸಾಕ್ಷಿ ಅಂದುಕೊಳ್ಳಬೇಡಿ. ಮಾತು ಒಬ್ಬರದೇ, ಅಲ್ವಾ?

ಹಾಗಾಗಿ ಕಂಪನಿಯ ಲಿಂಕ್ ಬಿಟ್ಟು, ಸಂಸ್ಥೆಯ ಹೆಸರನ್ನು ನಾನೇ ಟೈಪ್ ಮಾಡಿ ಹುಡುಕಿದೆ. ಇಲ್ಲಿ ಅಕ್ಷರ ಅಕ್ಷರವನ್ನೂ ಹೋಲಿಸಿ ನೋಡಬೇಕು. ಹೆಸರಾಂತ ಸಂಸ್ಥೆಯನ್ನೇ ಹೋಲುವ ಹೆಸರು ಇಟ್ಟುಕೊಂಡವರೂ ಇರುತ್ತಾರೆ. ಸರಿಯಾದ ವಿಳಾಸ ಸಿಕ್ಕ ಮೇಲೆ, ಆ ಸೈಟಿನ ಒಳಗೆ ಮಾತ್ರ ಹುಡುಕಲು ಹೀಗೆ ಬರೆಯಬಹುದು:

```
site:ಸಂಸ್ಥೆಯ-ವಿಳಾಸ "ಕಂಪನಿಯ ಹೆಸರು"
```

ಗೆದ್ದವರ ಪಟ್ಟಿ ತೆರೆದುಕೊಂಡಿತು. ಕಂಪನಿಯ ಹೆಸರು ಅಲ್ಲಿತ್ತು! ನಾನು ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದೆ. ಆದರೆ ಅದೇ ಸಾಲಿನ ಕೊನೆಯಲ್ಲಿ ವಿಭಾಗದ ಹೆಸರಿತ್ತು: ಪ್ಯಾಕೇಜಿಂಗ್ ವಿನ್ಯಾಸ. ಬಹುಮಾನ ಬಂದದ್ದು ಡಬ್ಬಕ್ಕೆ. ನೀರನ್ನು ಅಲ್ಲಿ ಯಾರೂ ಪರೀಕ್ಷೆ ಮಾಡಿರಲಿಲ್ಲ.

ಸಂಸ್ಥೆಗೆ ಒಂದು ಇಮೇಲ್ ಬರೆದೆ. ಯಾವ ಮಾಡೆಲ್‌ಗೆ ಕೊಟ್ಟಿರಿ, ಆ ವಿಭಾಗದಲ್ಲಿ ಎಷ್ಟು ಮಂದಿ ಸ್ಪರ್ಧಿಸಿದ್ದರು, ನೀವು ರ‍್ಯಾಂಕ್ ಕೊಡುತ್ತೀರಾ ಅಂತ ಮೂರೇ ಪ್ರಶ್ನೆ. ನಾಲ್ಕು ದಿನಕ್ಕೆ ಉತ್ತರ ಬಂತು. ಸ್ಪರ್ಧೆಯಲ್ಲಿ ಇದ್ದದ್ದು ಇಬ್ಬರು. ‘ನಂ. 1’ ಅನ್ನೋ ಮಾತನ್ನು ತಾವು ಎಲ್ಲೂ ಬಳಸಿಲ್ಲ ಎಂದರು.

ನನ್ನ ಅನುಭವದಲ್ಲಿ ಪೂರ್ತಿ ಕಟ್ಟುಕಥೆಗಿಂತ ಇಂಥದ್ದೇ ಜಾಸ್ತಿ. ಪ್ರಶಸ್ತಿ ನಿಜ, ಆದರೆ ಅದಕ್ಕೆ ಹೊರಿಸಿದ ಅರ್ಥ ಸುಳ್ಳು.

ಇನ್ನು ಕೊಟ್ಟ ಸಂಸ್ಥೆಯನ್ನೂ ನೋಡಬೇಕು. ಅದರ ಸೈಟಿನಲ್ಲಿ ಗೆದ್ದವರ ಪುಟಕ್ಕಿಂತ ಅರ್ಜಿ ಹಾಕುವ ಪುಟವೇ ಹೆಚ್ಚು ಹೇಳುತ್ತದೆ. ಶುಲ್ಕ ಎಷ್ಟು, ತೀರ್ಪುಗಾರರು ಯಾರು, ವಸ್ತುವನ್ನು ಕೈಯಲ್ಲಿ ಹಿಡಿದು ನೋಡುತ್ತಾರಾ ಅಥವಾ ಕಾಗದ ಮಾತ್ರ ಓದುತ್ತಾರಾ? ಶುಲ್ಕ ತಗೊಂಡ ಮಾತ್ರಕ್ಕೆ ಮೋಸ ಅನ್ನಬಾರದು. ಪರೀಕ್ಷೆ ಮಾಡಿಸಲು ಖರ್ಚಾಗುತ್ತದೆ. ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ 1961ರಿಂದ ಇರುವ ಮೊಂಡೆ ಸೆಲೆಕ್ಷನ್ ಶುಲ್ಕ ಪಡೆದು ವಸ್ತುಗಳಿಗೆ ಅಂಕ ಕೊಡುತ್ತದೆ. ಅಲ್ಲಿ ಒಂದಕ್ಕೊಂದು ಪೈಪೋಟಿಯೇ ಇಲ್ಲ. ಅಂಕದ ಗಡಿ ದಾಟಿದ ಎಲ್ಲರಿಗೂ ಚಿನ್ನ ಸಿಗಬಹುದು. ಅಂದರೆ ಆ ಚಿನ್ನ ‘ಮೊದಲ ಸ್ಥಾನ’ ಅಲ್ಲ, ಶಾಲೆಯ ಫಸ್ಟ್ ಕ್ಲಾಸ್ ಇದ್ದ ಹಾಗೆ.

ಕಾಗದ ಮಾತ್ರ ನೋಡಿದರೆ ಏನಾಗುತ್ತದೆ ಅನ್ನೋದಕ್ಕೆ 2008ರ ಒಂದು ಪ್ರಸಂಗ ಇದೆ. ರಾಬಿನ್ ಗೋಲ್ಡ್‌ಸ್ಟೀನ್ ಎಂಬ ಬರಹಗಾರರು ಮಿಲಾನ್‌ನಲ್ಲಿ ಇಲ್ಲದ ರೆಸ್ಟೋರೆಂಟ್ ಒಂದನ್ನು ಸೃಷ್ಟಿಸಿದರು. ಮೆನು, ವೈನ್ ಪಟ್ಟಿ, 250 ಡಾಲರ್ ಶುಲ್ಕ ಎಲ್ಲವನ್ನೂ ವೈನ್ ಸ್ಪೆಕ್ಟೇಟರ್ ಪತ್ರಿಕೆಗೆ ಕಳಿಸಿದರು. ಪ್ರಶಸ್ತಿ ಬಂತು. ಆ ವೈನ್ ಪಟ್ಟಿಯ ವಿಶೇಷ ಭಾಗದಲ್ಲಿದ್ದ ವೈನ್‌ಗಳಲ್ಲಿ ಹಲವಕ್ಕೆ ಅದೇ ಪತ್ರಿಕೆ ಹಿಂದೆ ಕಡಿಮೆ ಅಂಕ ಕೊಟ್ಟಿತ್ತು. ಫೋನ್ ಮಾಡಿದರೂ ಸಿಕ್ಕಿದ್ದು ಸಂದೇಶ ಯಂತ್ರ ಮಾತ್ರ ಎಂದು ಪತ್ರಿಕೆ ಆಮೇಲೆ ಹೇಳಿತು.

ಸಂಸ್ಥೆಯ ಬಗ್ಗೆಯೇ ಅನುಮಾನ ಬಂದರೆ ಅದರ ವೆಬ್ ವಿಳಾಸವನ್ನು lookup.icann.org ನಲ್ಲಿ ಹಾಕಿ ನೋಡಿ. ಅದು ನೋಂದಣಿಯಾದ ದಿನಾಂಕ ಸಾಮಾನ್ಯವಾಗಿ ಸಿಗುತ್ತದೆ. ಇಪ್ಪತ್ತು ವರ್ಷದ ಪ್ರಶಸ್ತಿ ಅನ್ನುವವರ ವಿಳಾಸ ಹೋದ ವರ್ಷದ್ದಾದರೆ ಕಾರಣ ಕೇಳಬೇಕು. ಹಳೆಯ ಸಂಸ್ಥೆಗಳೂ ವಿಳಾಸ ಬದಲಿಸುತ್ತವೆ, ಆದ್ದರಿಂದ ಇದೊಂದನ್ನೇ ನಂಬಿ ತೀರ್ಮಾನ ಬೇಡ. ಹಳೆಯ ಪಟ್ಟಿ ಅಳಿಸಿಹೋಗಿದ್ದರೆ web.archive.org ನಲ್ಲಿ ಸಿಗುವ ಸಾಧ್ಯತೆ ಇದೆ.

ಸಂಸ್ಥೆಯ ಉತ್ತರವನ್ನು ಲಗತ್ತಿಸಿ ಫಿಲ್ಟರ್ ಕಂಪನಿಗೆ ಬರೆದೆ. ಎರಡು ವಾರದ ಮೇಲೆ ನೋಡಿದಾಗ ‘ನಂ. 1’ ಹೋಗಿತ್ತು. ಪದಕ ಹಾಗೇ ಇತ್ತು. ಯಾವ ವಿಭಾಗದ್ದು ಅಂತ ಆಗಲೂ ಬರೆದಿರಲಿಲ್ಲ. ನಾನು ಮತ್ತೆ ಬರೆದಿದ್ದೇನೆ, ಉತ್ತರಕ್ಕೆ ಕಾಯುತ್ತಿದ್ದೇನೆ.